ವಾರಕ್ಕೆ 30 ಪೀರಿಯಡ್ ಅಂದರೆ ನಿಜವಾಗಿ ಎಷ್ಟು ಗಂಟೆ ಕೆಲಸ? ಶಿಕ್ಷಕರಿಗೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ವಾರಕ್ಕೆ 30 ಪೀರಿಯಡ್. ಒಂದೊಂದು 40 ನಿಮಿಷ. ಗುಣಿಸಿದರೆ 1200 ನಿಮಿಷ, ಅಂದರೆ 20 ಗಂಟೆ. ವೇಳಾಪಟ್ಟಿ ನೋಡಿದ ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. "ವಾರಕ್ಕೆ 20 ಗಂಟೆ ತಾನೇ, ಇನ್ನೊಂದು ಸೆಕ್ಷನ್ ಕೊಡಬಹುದಲ್ವಾ?" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಪಾಠದ ತಯಾರಿ ಇದೆ, ನೋಟ್ ಪುಸ್ತಕ ತಿದ್ದುವುದಿದೆ, ಪರೀಕ್ಷೆಯ ಬಂಡಲ್‌ಗಳಿವೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಎಷ್ಟು ಗಂಟೆ ಎಂದು ಕೇಳಿದರೆ "ತುಂಬಾ ಇರುತ್ತೆ" ಅನ್ನುವುದು ಬಿಟ್ಟು ಬೇರೆ ಉತ್ತರ ಇರುವುದಿಲ್ಲ. ಕೆಲವರು ಸುಮ್ನೆ ಒಂದೂವರೆ ಪಟ್ಟು ಮಾಡಿ ಎನ್ನುತ್ತಾರೆ. ಆ ದಾರಿ ಸರಿಯಲ್ಲ. ಯಾಕೆಂದರೆ ತಯಾರಿಯ ಸಮಯವಾಗಲಿ ತಿದ್ದುವ ಸಮಯವಾಗಲಿ ಪೀರಿಯಡ್ಡಿನ ಸಂಖ್ಯೆಯನ್ನು ಹಿಂಬಾಲಿಸುವುದಿಲ್ಲ. ತಯಾರಿ ಹೆಚ್ಚುವುದು ಬೇರೆ ಬೇರೆ ಪಾಠಗಳು ಹೆಚ್ಚಿದಾಗ. ತಿದ್ದುವ ಕೆಲಸ ಹೆಚ್ಚುವುದು ಮಕ್ಕಳ ತಲೆ ಎಣಿಕೆ ಹೆಚ್ಚಿದಾಗ. ಈ ಎರಡನ್ನು ಬೇರೆ ಬೇರೆಯಾಗಿ ಎಣಿಸಿದರೆ ಮಾತ್ರ ಲೆಕ್ಕ ನಿಲ್ಲುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ವಿರಾಜಪೇಟೆ ಕಡೆಯ ಒಂದು ಪ್ರೌಢಶಾಲೆ ಎಂದುಕೊಳ್ಳಿ. ಕನ್ನಡ ಪ್ರಥಮ ಭಾಷೆಯ ಟೀಚರ್ ಒಬ್ಬರು. ಎಂಟನೇ ತರಗತಿಯ ಎರಡು ಸೆಕ್ಷನ್, ಒಂಬತ್ತನೆಯದರ ಎರಡು, ಹತ್ತನೆಯದು ಒಂದು. ಪ್ರತಿ ಸೆಕ್ಷನ್ನಿಗೆ ವಾರಕ್ಕೆ 6 ಪೀರಿಯಡ್, ಒಟ್ಟು 30. ಹತ್ತನೇ ತರಗತಿಯಲ್ಲಿ 40 ಮಕ್ಕಳು, ಉಳಿದ ನಾಲ್ಕು ಸೆಕ್ಷನ್ ಸೇರಿ 140, ಎಲ್ಲ ಸೇರಿ 180. ಇಲ್ಲಿ ಬರುವ ನಿಮಿಷಗಳು ಈ ಟೀಚರ್‌ದು ಎಂದು ಇಟ್ಟುಕೊಂಡ ಸಂಖ್ಯೆಗಳು. ನಿಮ್ಮ ನಿಮಿಷಗಳನ್ನು ನೀವೇ ಅಳೆಯಬೇಕು. ಅಳೆಯುವುದು ಹೇಗೆ ಎಂಬುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಹಂತ 1: ಪೀರಿಯಡ್ಡನ್ನು ನಿಮಿಷ ಮಾಡಿ

ಇದು ಸುಲಭ. ಎಚ್ಚರ ಬೇಕಾದದ್ದು ಎರಡು ಕಡೆ. ನಿಮ್ಮ ಶಾಲೆಯ ಪೀರಿಯಡ್ 40 ನಿಮಿಷವೋ 45 ನಿಮಿಷವೋ ನೋಡಿಕೊಳ್ಳಿ. 45 ಆದರೆ ಇದೇ 30 ಪೀರಿಯಡ್ 22 ಗಂಟೆ 30 ನಿಮಿಷವಾಗುತ್ತದೆ. ಎರಡನೆಯದು ಶನಿವಾರ. ಅರ್ಧ ದಿನದ ಶಾಲೆಯಲ್ಲಿ ಕೆಲವು ಕಡೆ ಪೀರಿಯಡ್ಡನ್ನು ಚಿಕ್ಕದು ಮಾಡಿರುತ್ತಾರೆ. ಹಾಗಿದ್ದರೆ ಶನಿವಾರದ್ದನ್ನು ಬೇರೆ ಗುಣಿಸಿ ಸೇರಿಸಿ.

ನಮ್ಮ ಟೀಚರ್‌ಗೆ ಎಲ್ಲವೂ 40 ನಿಮಿಷ. ವಾರಕ್ಕೆ 20 ಗಂಟೆ.

ಹಂತ 2: ಶಾಲೆಯೊಳಗಿನ ಇತರ ಕೆಲಸ

ವೇಳಾಪಟ್ಟಿಯಲ್ಲಿ ಇಲ್ಲದ, ಆದರೆ ತಪ್ಪಿಸಲಾಗದ ಕೆಲಸಗಳಿವು. ಬೆಳಗಿನ ಪ್ರಾರ್ಥನೆ ಮತ್ತು ಹಾಜರಿಗೆ ದಿನಕ್ಕೆ 20 ನಿಮಿಷದಂತೆ ಆರು ದಿನಕ್ಕೆ 120 ನಿಮಿಷ. ವಾರದಲ್ಲಿ ಎರಡು ದಿನ ಬಿಸಿಯೂಟದ ಹೊತ್ತಿಗೆ ನಿಲ್ಲುವ ಸರದಿ, 60 ನಿಮಿಷ. ರಜೆ ಹಾಕಿದವರ ಬದಲಿಗೆ ವಾರಕ್ಕೆ ಸರಾಸರಿ 2 ಪೀರಿಯಡ್, 80 ನಿಮಿಷ. ಸಭೆ, ದಾಖಲೆ ಬರೆಯುವುದು, ಪೋಷಕರಿಗೆ ಫೋನ್ ಮಾಡುವುದು ಎಲ್ಲ ಸೇರಿ 100 ನಿಮಿಷ. ಒಟ್ಟು 360 ನಿಮಿಷ, ಅಂದರೆ 6 ಗಂಟೆ.

ಬದಲಿ ಪೀರಿಯಡ್ಡನ್ನು ಅಂದಾಜಿನಲ್ಲಿ ಹಾಕಬೇಡಿ. ಸ್ಟಾಫ್ ರೂಮಿನಲ್ಲಿ ಬದಲಿ ವ್ಯವಸ್ಥೆಯ ಪುಸ್ತಕ ಇರುತ್ತದಲ್ಲ, ಅದರಲ್ಲಿ ಹಿಂದಿನ ಎರಡು ತಿಂಗಳು ನಿಮ್ಮ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ ವಾರಗಳಿಂದ ಭಾಗಿಸಿ. ಇದು ಸಹಿ ಇರುವ ದಾಖಲೆ. ಇಡೀ ಲೆಕ್ಕದಲ್ಲಿ ಯಾರೂ ಪ್ರಶ್ನಿಸಲಾಗದ ಸಂಖ್ಯೆ ಎಂದರೆ ಇದೇ.

ಹಂತ 3: ತಯಾರಿ

ಇಲ್ಲಿ ಮೊದಲು ಕೇಳಬೇಕಾದದ್ದು, 30 ಪೀರಿಯಡ್ಡಿನಲ್ಲಿ ಹೊಸ ಪಾಠ ಎಷ್ಟು, ಮರುಪಾಠ ಎಷ್ಟು ಎಂದು. ಎಂಟನೇ ಎ ಸೆಕ್ಷನ್ನಿಗೆ ಮಾಡಿದ ಪದ್ಯವನ್ನೇ ಬಿ ಸೆಕ್ಷನ್ನಿಗೂ ಮಾಡುತ್ತೀರಿ. ಎರಡನೇ ಸಲಕ್ಕೆ ಮತ್ತೆ ಕೂತು ಓದುವ ಅಗತ್ಯವಿಲ್ಲ. ಮೊದಲ ಸೆಕ್ಷನ್ನಿನಲ್ಲಿ ಮಕ್ಕಳು ಎಲ್ಲಿ ತಡವರಿಸಿದರು ಎಂದು ನೋಡಿ ಒಂದೆರಡು ಉದಾಹರಣೆ ಬದಲಿಸಿದರೆ ಸಾಕು.

ನಮ್ಮ ಟೀಚರ್‌ಗೆ ಮೂರು ತರಗತಿ, ಪ್ರತಿಯೊಂದಕ್ಕೂ 6. ಹಾಗಾಗಿ ಹೊಸ ಪಾಠ 18. ಉಳಿದ 12 ಮರುಪಾಠ. ಹೊಸದಕ್ಕೆ 20 ನಿಮಿಷ, ಮರುಪಾಠಕ್ಕೆ 5 ನಿಮಿಷ ಹಿಡಿದರೆ 360 ಮತ್ತು 60, ಒಟ್ಟು 420 ನಿಮಿಷ. ಅಂದರೆ 7 ಗಂಟೆ.

20 ನಿಮಿಷ ಜಾಸ್ತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಇದರೊಳಗೆ ಏನಿದೆ ನೋಡಿ. ಪಾಠ ಟಿಪ್ಪಣಿ ಬರೆಯಬೇಕು. ಹಳಗನ್ನಡದ ಪದ್ಯವಾದರೆ ಪದ ಬಿಡಿಸಿ, ಅನ್ವಯ ಮಾಡಿ, ಕಷ್ಟದ ಶಬ್ದಗಳಿಗೆ ಅರ್ಥ ನೋಡಿಟ್ಟುಕೊಳ್ಳಬೇಕು. ವ್ಯಾಕರಣದ ಪೀರಿಯಡ್ ಆದರೆ ಸಂಧಿ ಸಮಾಸಗಳಿಗೆ ಪುಸ್ತಕದಲ್ಲಿಲ್ಲದ ಉದಾಹರಣೆ ಹುಡುಕಬೇಕು. ನಾಲ್ಕೈದು ವರ್ಷದಿಂದ ಅದೇ ಪಠ್ಯಪುಸ್ತಕ ಮಾಡುತ್ತಿರುವವರಿಗೆ ಮಾತ್ರ 20 ನಿಮಿಷ ಸಾಕು. ಪುಸ್ತಕ ಬದಲಾದ ವರ್ಷ, ಅಥವಾ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಪಾಠಕ್ಕೆ 40 ನಿಮಿಷ ಬೇಕಾಗುತ್ತದೆ ಎಂದುಕೊಳ್ಳಿ. ಆಗ ತಯಾರಿಯೊಂದೇ 13 ಗಂಟೆಗೆ ಹೋಗುತ್ತದೆ. ವೇಳಾಪಟ್ಟಿ ಅದೇ, ಪೀರಿಯಡ್ ಅದೇ, ವಾರಕ್ಕೆ 6 ಗಂಟೆ ಹೆಚ್ಚುವರಿ ಕೆಲಸ. ಹೊಸಬರಿಗೆ ಹಳಬರಷ್ಟೇ ಪೀರಿಯಡ್ ಕೊಟ್ಟರೆ ಸಮಾನವಾಗಿ ಹಂಚಿದಂತೆ ಕಾಣುತ್ತದೆ, ಆದರೆ ಗಂಟೆಯಲ್ಲಿ ಅದು ಸಮಾನವಲ್ಲ.

ಅಳೆಯುವುದು ಹೀಗೆ. ಪಾಠ ಟಿಪ್ಪಣಿ ಪುಸ್ತಕದ ಅಂಚಿನಲ್ಲೇ ಕೂತ ಸಮಯ, ಎದ್ದ ಸಮಯ ಬರೆಯಿರಿ. ಎರಡು ವಾರ ಬರೆದರೆ ಸಾಕು. ಗದ್ಯ, ಪದ್ಯ, ವ್ಯಾಕರಣ ಮೂರೂ ಅದರಲ್ಲಿ ಬಂದಿರಲಿ. ಪದ್ಯದ ವಾರವೊಂದನ್ನೇ ಅಳೆದರೆ ಸರಾಸರಿ ಏರುತ್ತದೆ, ಪುನರಾವರ್ತನೆಯ ವಾರವೊಂದನ್ನೇ ಅಳೆದರೆ ಇಳಿಯುತ್ತದೆ. ತಲೆಯಲ್ಲಿ ಪಾಠ ಓಡುತ್ತಿದ್ದ ಸಮಯವನ್ನು, ಅಂದರೆ ಬಸ್ಸಿನಲ್ಲಿ ಯೋಚಿಸಿದ್ದು, ಅಡುಗೆ ಮಾಡುತ್ತಾ ಯೋಚಿಸಿದ್ದು, ಇವನ್ನು ಸೇರಿಸಬೇಡಿ. ಅದೂ ಕೆಲಸವೇ, ನಿಜ. ಆದರೆ ಅದನ್ನು ಬೇರೆಯವರಿಗೆ ತೋರಿಸಲು ಆಗುವುದಿಲ್ಲ. ಒಂದು ಸಂಖ್ಯೆ ಅನುಮಾನಕ್ಕೆ ಬಂದರೆ ಉಳಿದವೂ ಬರುತ್ತವೆ.

ಹಂತ 4: ನೋಟ್ ಪುಸ್ತಕ ತಿದ್ದುವುದು

ಈಗ ಪೀರಿಯಡ್ಡುಗಳನ್ನು ಪಕ್ಕಕ್ಕಿಟ್ಟು ಮಕ್ಕಳನ್ನು ಎಣಿಸಿ. 180 ಮಕ್ಕಳು, ಹದಿನೈದು ದಿನಕ್ಕೊಂದು ಸುತ್ತು, ಒಂದು ಪುಸ್ತಕಕ್ಕೆ 3 ನಿಮಿಷ. ಒಂದು ಸುತ್ತಿಗೆ 540 ನಿಮಿಷ, ಅಂದರೆ 9 ಗಂಟೆ. ವಾರಕ್ಕೆ 4 ಗಂಟೆ 30 ನಿಮಿಷ.

ಲೆಕ್ಕ ಬಹಳ ಸಲ ಹಳ್ಳ ಹಿಡಿಯುವುದು ಇಲ್ಲೇ. ಒಂದು ಪುಸ್ತಕಕ್ಕೆ 3 ನಿಮಿಷವೋ 2 ನಿಮಿಷವೋ ಎಂಬುದು ಸಣ್ಣ ವ್ಯತ್ಯಾಸದಂತೆ ಕಾಣುತ್ತದೆ. 180ರಿಂದ ಗುಣಿಸಿ ನೋಡಿ. ಒಂದು ಸುತ್ತಿಗೆ 3 ಗಂಟೆ ಆಚೀಚೆ. ಅದೇ ತಯಾರಿಯಲ್ಲಿ ಪಾಠಕ್ಕೆ ಒಂದು ನಿಮಿಷ ತಪ್ಪಿದರೆ ವಾರಕ್ಕೆ 18 ನಿಮಿಷ ಮಾತ್ರ ತಪ್ಪುತ್ತದೆ. ಆದ್ದರಿಂದ ತಯಾರಿಯನ್ನು ಅಂದಾಜು ಹಾಕಿದರೂ ಹೇಗೋ ನಡೆಯುತ್ತದೆ, ತಿದ್ದುವುದನ್ನು ಮಾತ್ರ ಗಡಿಯಾರ ಇಟ್ಟೇ ಅಳೆಯಬೇಕು.

ಒಂದೇ ಪುಸ್ತಕಕ್ಕೆ ಗಡಿಯಾರ ಹಿಡಿಯಬೇಡಿ. 20 ಪುಸ್ತಕಗಳ ಕಟ್ಟು ಮುಂದಿಟ್ಟುಕೊಂಡು, ಮೊದಲನೆಯದನ್ನು ತೆರೆದ ಸಮಯ ಮತ್ತು ಕೊನೆಯದಕ್ಕೆ ಸಹಿ ಹಾಕಿದ ಸಮಯ ಬರೆದುಕೊಳ್ಳಿ. ನಡುವೆ ಪುಟ ಹುಡುಕಿದ್ದು, ಬಿಟ್ಟ ಹೋಂವರ್ಕ್ ಗುರುತು ಹಾಕಿದ್ದು, ಯಾರು ಪುಸ್ತಕ ಕೊಟ್ಟಿಲ್ಲ ಎಂದು ಪಟ್ಟಿ ಮಾಡಿದ್ದು ಎಲ್ಲ ಅದರೊಳಗೇ ಬರಲಿ. 20ರಿಂದ ಭಾಗಿಸಿ. ಒಂದು ಕಟ್ಟು ಸಂಜೆಯದ್ದು, ಇನ್ನೊಂದು ಬೆಳಗಿನದ್ದು ಇರಲಿ. ಸಂಜೆ ಸುಸ್ತಾದಾಗ ಕೆಲವರು ನಿಧಾನವಾಗುತ್ತಾರೆ, ಕೆಲವರು ಸರಸರನೆ ಗೀಚಿ ಮುಗಿಸುತ್ತಾರೆ. ಎರಡೂ ನಿಮ್ಮ ನಿಜವಾದ ವೇಗ ಅಲ್ಲ, ಅವುಗಳ ಸರಾಸರಿ ಅದರ ಹತ್ತಿರ ಬರುತ್ತದೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಅಳೆಯುವ ತಿಂಗಳನ್ನೂ ನೋಡಿಕೊಳ್ಳಬೇಕು. ಜುಲೈ ಆಗಸ್ಟ್‌ನಲ್ಲಿ ಕಾಫಿ ತೋಟದ ದಾರಿಯಲ್ಲಿ ನಡೆದು ಬರುವ ಮಕ್ಕಳ ಚೀಲ ಪ್ಲಾಸ್ಟಿಕ್ ಸುತ್ತಿದ್ದರೂ ಒದ್ದೆಯಾಗಿರುತ್ತದೆ. ಪುಟಗಳು ಒಂದಕ್ಕೊಂದು ಅಂಟಿರುತ್ತವೆ, ಒಂದೊಂದಾಗಿ ಬಿಡಿಸಬೇಕು. ಜೆಲ್ ಪೆನ್ನಿನಲ್ಲಿ ಬರೆದದ್ದು ಹರಡಿ ಒತ್ತಕ್ಷರ ಯಾವುದು ಎಂದೇ ತಿಳಿಯುವುದಿಲ್ಲ. ಕೆಂಪು ಪೆನ್ನು ಒದ್ದೆ ಕಾಗದದ ಮೇಲೆ ಓಡುವುದಿಲ್ಲ. ಅದೇ ಕಟ್ಟು ಡಿಸೆಂಬರ್‌ನಲ್ಲಿ ಬೇಗ ಮುಗಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಅಳೆದು ನಡುವಿನ ಸಂಖ್ಯೆ ತೆಗೆದುಕೊಳ್ಳಿ.

ಇಲ್ಲಿಗೆ ಒಂದು ಸಾಮಾನ್ಯ ವಾರದ ಲೆಕ್ಕ ಸಿಕ್ಕಿತು. ಪಾಠ 20, ಶಾಲೆಯ ಕೆಲಸ 6, ತಯಾರಿ 7, ನೋಟ್ ಪುಸ್ತಕ ನಾಲ್ಕೂವರೆ. ಒಟ್ಟು ಮೂವತ್ತೇಳೂವರೆ ಗಂಟೆ. ಪರೀಕ್ಷೆ ಇನ್ನೂ ಬಂದಿಲ್ಲ.

ಹಂತ 5: ಪರೀಕ್ಷೆಗಳನ್ನು ವರ್ಷದ ಲೆಕ್ಕದಲ್ಲಿ ಹಿಡಿಯಿರಿ

ಪರೀಕ್ಷೆಯ ಕೆಲಸ ವಾರ ವಾರ ಬರುವುದಿಲ್ಲ, ಒಟ್ಟಿಗೆ ಮೈಮೇಲೆ ಬೀಳುತ್ತದೆ. ಅದನ್ನು ವಾರದ ಲೆಕ್ಕದಲ್ಲಿ ತುರುಕಲು ಹೋದರೆ ಗೊಂದಲ. ವರ್ಷಕ್ಕೆ ಒಟ್ಟು ಮಾಡಿ ಆಮೇಲೆ ಹಂಚಬೇಕು.

ನಿರಂತರ ಮೌಲ್ಯಮಾಪನದ ಪದ್ಧತಿಯಲ್ಲಿ ನಾಲ್ಕು ಎಫ್‌ಎ, ಎರಡು ಎಸ್‌ಎ. ಎಫ್‌ಎ ಕಿರುಪರೀಕ್ಷೆಯ ಒಂದು ಉತ್ತರ ಪತ್ರಿಕೆಗೆ 4 ನಿಮಿಷ ಹಿಡಿದರೆ 180 ಮಕ್ಕಳಿಗೆ 12 ಗಂಟೆ, ನಾಲ್ಕು ಸಲಕ್ಕೆ 48 ಗಂಟೆ. ಎಸ್‌ಎ ಒಂದರ ಪತ್ರಿಕೆಗೆ 12 ನಿಮಿಷದಂತೆ 36 ಗಂಟೆ. ಎಸ್‌ಎ ಎರಡಕ್ಕೆ ಹತ್ತನೆಯವರು ಇರುವುದಿಲ್ಲ, ಅವರಿಗೆ ಪಬ್ಲಿಕ್ ಪರೀಕ್ಷೆ. ಹಾಗಾಗಿ 140 ಪತ್ರಿಕೆ, 28 ಗಂಟೆ. ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆ ಬೇರೆ ಇದೆ. ಪ್ರಥಮ ಭಾಷೆಗೆ ಲಿಖಿತ ಪರೀಕ್ಷೆಯೇ 100 ಅಂಕ, ಉಳಿದ ವಿಷಯಗಳಂತೆ 80 ಅಲ್ಲ. ಪ್ರಬಂಧ, ಪತ್ರ, ಪದ್ಯದ ಸಾರಾಂಶ ಎಲ್ಲ ಓದಿಯೇ ಅಂಕ ಹಾಕಬೇಕು. ಒಂದಕ್ಕೆ 15 ನಿಮಿಷ, 40 ಪತ್ರಿಕೆಗೆ 10 ಗಂಟೆ.

ಪತ್ರಿಕೆಗಳಿಗೆ ಸಮಯ ಅಳೆಯುವಾಗ ಮೊದಲ ಐದನ್ನು ಬಿಟ್ಟುಬಿಡಿ. ಆ ಐದರಲ್ಲಿ ನೀವು ಮಾದರಿ ಉತ್ತರವನ್ನೇ ಸರಿಮಾಡಿಕೊಳ್ಳುತ್ತಿರುತ್ತೀರಿ. ಯಾವುದಕ್ಕೆ ಅರ್ಧ ಅಂಕ, ಯಾವುದಕ್ಕೆ ಪೂರ್ತಿ ಎಂದು ಮನಸ್ಸು ಗಟ್ಟಿಯಾಗುವುದು ಆಮೇಲೆ. ಆದರೆ ಮೊದಲ ಐದಕ್ಕೆ ಹಿಡಿದ ಹೆಚ್ಚಿನ ಸಮಯವನ್ನು ಮರೆಯಬೇಡಿ, ಪರೀಕ್ಷೆಗೊಂದು ಸಲದಂತೆ ಅದನ್ನು ಕೆಳಗಿನ ಅಂಕ ಎಂಟ್ರಿಯ ಸಮಯದಲ್ಲಿ ಸೇರಿಸಿ.

ಪ್ರಶ್ನೆಪತ್ರಿಕೆ ತಯಾರಿಯನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ನೀಲನಕ್ಷೆ ಹಾಕಿ, ಘಟಕವಾರು ಅಂಕ ಹಂಚಿ, ಟೈಪ್ ಮಾಡಿ, ತಪ್ಪು ನೋಡಬೇಕು. ಎಫ್‌ಎಗೆ ಒಂದು ಪತ್ರಿಕೆಗೆ ಒಂದು ಗಂಟೆ, ಎಸ್‌ಎಗೆ ಮೂರು ಗಂಟೆ ಹಿಡಿಯೋಣ. ಮೂರು ತರಗತಿಗೆ ನಾಲ್ಕು ಎಫ್‌ಎ ಎಂದರೆ 12 ಗಂಟೆ. ಎಸ್‌ಎ ಒಂದಕ್ಕೆ ಮೂರು ಪತ್ರಿಕೆ, 9 ಗಂಟೆ. ಎಸ್‌ಎ ಎರಡಕ್ಕೆ ಎರಡು ಪತ್ರಿಕೆ, 6 ಗಂಟೆ. ಒಟ್ಟು 27. ಪತ್ರಿಕೆ ಹೊರಗಿನಿಂದ ಬರುವ ಪರೀಕ್ಷೆಗಳಿಗೆ ಇದನ್ನು ಸೊನ್ನೆ ಮಾಡಿ. ಕೂಡಿ ನೋಡುವುದು, ಅಂಕವಹಿ ಬರೆಯುವುದು, ಆನ್‌ಲೈನ್ ಎಂಟ್ರಿ ಎಲ್ಲ ಸೇರಿ ಪರೀಕ್ಷೆಗೆ 2 ಗಂಟೆಯಂತೆ ಏಳು ಪರೀಕ್ಷೆಗೆ 14.

ಕೂಡಿದರೆ 48, 74, 27, 14. ಒಟ್ಟು 163 ಗಂಟೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ ತಿದ್ದುವುದನ್ನು ಇದರಲ್ಲಿ ಸೇರಿಸಬೇಡಿ. ಅದಕ್ಕೆ ಸಂಭಾವನೆ ಬೇರೆ, ಆದೇಶ ಬೇರೆ.

ಇನ್ನು ವಾರಗಳು. ವರ್ಷಕ್ಕೆ 220 ಕೆಲಸದ ದಿನ ಎಂದು ಹಿಡಿದರೆ ಆರು ದಿನದ ವಾರದಂತೆ ಸುಮಾರು 37 ವಾರ. ಅದರಲ್ಲಿ 4 ವಾರ ಪರೀಕ್ಷೆಗೆ ಹೋದರೆ ಪಾಠ ನಡೆಯುವುದು 33 ವಾರ. ಪರೀಕ್ಷೆಯ ವಾರದಲ್ಲಿ ಪೀರಿಯಡ್ ಇಲ್ಲ, ಕೊಠಡಿ ಮೇಲ್ವಿಚಾರಣೆ ಇದೆ. ಅದಕ್ಕೆ 15 ಗಂಟೆ, ಶಾಲೆಯ ಕೆಲಸ 6, ಒಟ್ಟು 21 ಗಂಟೆ.

ಈಗ ಎಲ್ಲ ಸೇರಿಸಿ. ಪಾಠದ ವಾರಗಳು 33 × 37.5 = 1237.5 ಗಂಟೆ. ಪರೀಕ್ಷೆಯ ವಾರಗಳು 4 × 21 = 84. ತಿದ್ದುವುದು, ಪ್ರಶ್ನೆಪತ್ರಿಕೆ ಮೊದಲಾದವು 163. ವರ್ಷಕ್ಕೆ 1484.5 ಗಂಟೆ. 37 ವಾರಕ್ಕೆ ಭಾಗಿಸಿದರೆ ವಾರಕ್ಕೆ ಸುಮಾರು 40 ಗಂಟೆ.

20 ಗಂಟೆಯ ಜಾಗದಲ್ಲಿ 40. ಇದು ಸರಾಸರಿ ಎಂಬುದನ್ನು ನೆನಪಿಡಿ. ಎಸ್‌ಎ ಒಂದು ಮುಗಿದ ಕೂಡಲೇ 36 ಗಂಟೆಯ ಬಂಡಲ್ ಹತ್ತು ಹನ್ನೆರಡು ದಿನದೊಳಗೆ ಮುಗಿಯಬೇಕು. ದಿನಕ್ಕೆ 3 ಗಂಟೆಗೂ ಮೇಲೆ. ದಸರಾ ರಜೆಯಲ್ಲಿ ಮನೆಯವರೆಲ್ಲ ಮಡಿಕೇರಿಯ ದಶಮಂಟಪ ನೋಡಲು ಹೊರಟಾಗ, ಅದರ ಹಿಂದೆ ಮುಂದೆಯೇ ಬರುವ ಕಾವೇರಿ ಸಂಕ್ರಮಣಕ್ಕೆ ಮನೆ ಸಿದ್ಧವಾಗುತ್ತಿರುವಾಗ, ಟೀಚರ್ ಮೇಜಿನ ಮೇಲೆ ಬಂಡಲ್ ಇರುತ್ತದೆ. ರಜೆಯ ವಾರಗಳು 37ರಲ್ಲಿ ಸೇರಿಲ್ಲ, ಆದರೆ ರಜೆಯಲ್ಲಿ ಮಾಡಿದ ಕೆಲಸ 163ರಲ್ಲಿ ಸೇರಿದೆ. ಹಾಗೆ ಇರುವುದೇ ಸರಿ.

ಮಳೆ ರಜೆ ಬಂದರೆ

ಕೊಡಗಿನಲ್ಲಿ ವೇಳಾಪಟ್ಟಿಯ ವಾರಕ್ಕೂ ನಡೆದ ವಾರಕ್ಕೂ ಮಳೆಗಾಲದಲ್ಲಿ ಸಂಬಂಧವೇ ಇರುವುದಿಲ್ಲ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಒಂದು ವಾರ 15 ಪೀರಿಯಡ್ಡೂ ಆಗದೆ ಹೋಗಬಹುದು. ಆಮೇಲೆ ಅದನ್ನು ಸರಿದೂಗಿಸಲು ಶನಿವಾರ ಪೂರ್ತಿ ದಿನ ಶಾಲೆ ನಡೆಯುತ್ತದೆ, ಆಗ ವಾರ 34ಕ್ಕೆ ಏರುತ್ತದೆ. ಮಳೆಯ ವಾರವನ್ನು ತೋರಿಸಿ "ಕೆಲಸವೇ ಇರಲಿಲ್ಲ" ಅನ್ನುವುದೂ ತಪ್ಪು, ಸರಿದೂಗಿಸುವ ವಾರವನ್ನು ತೋರಿಸಿ "ಪ್ರತಿ ವಾರ ಹೀಗೇ" ಅನ್ನುವುದೂ ತಪ್ಪು. ವರ್ಷದ ಒಟ್ಟು ದಿನಗಳಿಂದ ಲೆಕ್ಕ ಹಾಕಿದರೆ ಎರಡೂ ತಾವಾಗಿ ಸರಿಹೋಗುತ್ತವೆ. ತಪ್ಪಿದ ಪೀರಿಯಡ್ ಮುಂದೆ ನಡೆದೇ ನಡೆಯುತ್ತದೆ, ಅದರ ತಯಾರಿಯೂ ವ್ಯರ್ಥವಾಗುವುದಿಲ್ಲ. ನಾಲ್ಕು ದಿನ ಬಿಟ್ಟು ಬಂದಾಗ ಟಿಪ್ಪಣಿ ಮತ್ತೊಮ್ಮೆ ತಿರುವಿ ನೋಡಬೇಕಾಗುತ್ತದೆ, ಅಷ್ಟೇ. ಅದನ್ನು ಮರುಪಾಠದ 5 ನಿಮಿಷದಂತೆ ಹಿಡಿಯಬಹುದು.

ಹೊಸದಾಗಿ ಸೇರುವ ಕೆಲಸವೂ ಒಂದಿದೆ. ರಜೆಯ ಸುದ್ದಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ, ನೆಟ್‌ವರ್ಕ್ ಇಲ್ಲದ ಮನೆಗಳಿಗೆ ಪಕ್ಕದ ಮನೆಯವರ ಮೂಲಕ ಹೇಳಿಕಳಿಸುವುದು. ತರಗತಿ ಶಿಕ್ಷಕರಾಗಿದ್ದರೆ ಇದನ್ನು ಹಂತ 2ರಲ್ಲಿ ಸೇರಿಸಿ.

ಅದೇ 30 ಪೀರಿಯಡ್, ಇನ್ನೊಂದು ಶಾಲೆ

ಭಾಗಮಂಡಲದ ಕಡೆಯ ಒಂದು ಸಣ್ಣ ಶಾಲೆ ಎಂದುಕೊಳ್ಳಿ. ತರಗತಿಗೆ 15 ಮಕ್ಕಳು, ಎಲ್ಲವೂ ಒಂದೇ ಸೆಕ್ಷನ್. ಅಲ್ಲಿನ ಕನ್ನಡ ಟೀಚರ್ ಎಂಟು, ಒಂಬತ್ತು, ಹತ್ತಕ್ಕೆ ಕನ್ನಡ ಮಾಡುತ್ತಾರೆ, ಜೊತೆಗೆ ಎಂಟು ಮತ್ತು ಒಂಬತ್ತಕ್ಕೆ ಸಮಾಜ ವಿಜ್ಞಾನ. ಐದು ಸಲ ಆರು, ಅದೇ 30 ಪೀರಿಯಡ್. "15 ಮಕ್ಕಳು ಅಲ್ವಾ, ಆರಾಮ" ಎಂದು ನೋಡಿದವರು ಹೇಳುತ್ತಾರೆ.

ಇವರಿಗೆ ಮರುಪಾಠ ಒಂದೂ ಇಲ್ಲ. 30 ಪೀರಿಯಡ್ಡೂ ಹೊಸ ಪಾಠ, ತಯಾರಿ 600 ನಿಮಿಷ, ಅಂದರೆ 10 ಗಂಟೆ. ಮೊದಲ ಟೀಚರ್‌ಗಿಂತ 3 ಗಂಟೆ ಹೆಚ್ಚು. ತಿದ್ದುವುದು ಕಡಿಮೆ. ಐದು ವಿಷಯದಿಂದ 75 ಪುಸ್ತಕ, ವಾರಕ್ಕೆ ಸುಮಾರು 1 ಗಂಟೆ 50 ನಿಮಿಷ. ಉತ್ತರ ಪತ್ರಿಕೆಯೂ ಕಡಿಮೆ, ಎಫ್‌ಎ, ಎಸ್‌ಎ, ಪೂರ್ವಸಿದ್ಧತೆ ಸೇರಿ ವರ್ಷಕ್ಕೆ ಸುಮಾರು 51 ಗಂಟೆ. ಆದರೆ ಪ್ರಶ್ನೆಪತ್ರಿಕೆ ಮಾತ್ರ ಐದು ತರದ್ದು ಬೇಕು, ಅದು 27ರಿಂದ 47ಕ್ಕೆ ಏರುತ್ತದೆ. 15 ಮಕ್ಕಳಿಗೂ ಪತ್ರಿಕೆ ತೆಗೆಯಬೇಕು, 75 ಮಕ್ಕಳಿಗೂ ತೆಗೆಯಬೇಕು. ಸಮಯ ಒಂದೇ.

ಉಳಿದ ಸಂಖ್ಯೆಗಳನ್ನು ಹಾಗೇ ಇಟ್ಟು ಕೂಡಿದರೆ ಇವರ ವಾರ ಸುಮಾರು 39 ಗಂಟೆ. ದೊಡ್ಡ ಶಾಲೆಯ ಟೀಚರ್‌ಗಿಂತ ಒಂದೇ ಗಂಟೆ ಕಡಿಮೆ. ಇವರಿಗೆ ಕೆಲಸ ಹಗುರ ಮಾಡಬೇಕಾದರೆ ಮಕ್ಕಳ ಸಂಖ್ಯೆ ನೋಡಿ ಪ್ರಯೋಜನವಿಲ್ಲ, ಒಂದು ವಿಷಯ ಕಡಿಮೆ ಮಾಡಬೇಕು. ದೊಡ್ಡ ಶಾಲೆಯವರಿಗಾದರೆ ಒಂದು ಸೆಕ್ಷನ್ ಕಡಿಮೆ ಮಾಡಬೇಕು, ಅಥವಾ ನೋಟ್ ಪುಸ್ತಕದ ಸುತ್ತನ್ನು ಮೂರು ವಾರಕ್ಕೊಮ್ಮೆ ಮಾಡಬೇಕು. ಬರೀ ಒಟ್ಟು ಗಂಟೆ ನೋಡಿದರೆ ಇದು ಗೊತ್ತಾಗುವುದಿಲ್ಲ. ತಯಾರಿ ಮತ್ತು ತಿದ್ದುವುದನ್ನು ಬೇರೆ ಬರೆಯಬೇಕು ಎನ್ನುವುದು ಇದಕ್ಕೇ.

ಹಂತ 6: ಮನೆಗೆ ಹೋಗುವ ಕೆಲಸ ಎಷ್ಟು?

"ಲೀಜರ್ ಪೀರಿಯಡ್ ಇರುತ್ತದಲ್ಲ, ಅದರಲ್ಲಿ ತಿದ್ದಿ" ಎಂಬ ಮಾತು ಬಂದೇ ಬರುತ್ತದೆ. ಉತ್ತರ ಸಿದ್ಧವಿರಲಿ. ವಾರಕ್ಕೆ ಒಟ್ಟು 45 ಪೀರಿಯಡ್ ಇರುವ ಶಾಲೆಯಲ್ಲಿ ನಮ್ಮ ಮೊದಲ ಟೀಚರ್‌ಗೆ 15 ಲೀಜರ್. ಎರಡು ಬದಲಿಗೆ ಹೋಯಿತು, ಉಳಿದದ್ದು 13. ಕಾಗದದ ಮೇಲೆ ಇದು ಸುಮಾರು 8 ಗಂಟೆ 40 ನಿಮಿಷ. ಆದರೆ ಒಂದು ತರಗತಿಯಿಂದ ಬಂದು ನೀರು ಕುಡಿದು, ಪುಸ್ತಕ ತೆಗೆದು ಕೂರುವಷ್ಟರಲ್ಲಿ ಸಮಯ ಹೋಗಿರುತ್ತದೆ. ಮಧ್ಯೆ ಯಾರೋ ಮಗು ಬರುತ್ತದೆ, ಆಫೀಸಿನಿಂದ ಕರೆ ಬರುತ್ತದೆ. 40ರಲ್ಲಿ 25 ನಿಮಿಷ ಕೈಗೆ ಸಿಕ್ಕಿತು ಎಂದುಕೊಂಡರೆ ವಾರಕ್ಕೆ ಸುಮಾರು ಐದೂವರೆ ಗಂಟೆ.

ಸಾಮಾನ್ಯ ವಾರದಲ್ಲಿ ತಯಾರಿ ಮತ್ತು ನೋಟ್ ಪುಸ್ತಕ ಸೇರಿ ಹನ್ನೊಂದೂವರೆ ಗಂಟೆ ಇತ್ತು. ಅದರಲ್ಲಿ ಐದೂವರೆ ಕಳೆದರೆ 6 ಗಂಟೆ ಮನೆಗೆ ಹೋಗುತ್ತದೆ. ದಿನಕ್ಕೆ ಒಂದು ಗಂಟೆ. ಪರೀಕ್ಷೆಯ ಬಂಡಲ್ ಇದಕ್ಕೆ ಹೊರತು. ಲೀಜರ್‌ನಲ್ಲಿ ಮಾಡಿದ ಕೆಲಸವನ್ನು ಒಟ್ಟು 40 ಗಂಟೆಗೆ ಮತ್ತೆ ಸೇರಿಸಬೇಡಿ. ಅದು ಆಗಲೇ ತಯಾರಿಯಲ್ಲಿ, ತಿದ್ದುವುದರಲ್ಲಿ ಸೇರಿದೆ. ಎರಡು ಸಲ ಎಣಿಸುವುದು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಗುರುತಿಸುವುದು ಸುಲಭ. ನಿಮ್ಮ ವಾರದ ಒಟ್ಟು ಗಂಟೆಯಿಂದ ಶಾಲೆಯಲ್ಲಿ ಕೆಲಸ ಮಾಡಿದ ಗಂಟೆ ಕಳೆಯಿರಿ. ಉಳಿದದ್ದು ನೀವು ಮನೆಯಲ್ಲಿ ನಿಜವಾಗಿ ಕೂತ ಸಮಯಕ್ಕಿಂತ ತುಂಬಾ ಜಾಸ್ತಿ ಬಂದರೆ ಎಲ್ಲೋ ಎರಡು ಸಲ ಬಂದಿದೆ.

ಸ್ಪ್ರೆಡ್‌ಶೀಟಿನಲ್ಲಿ ಹಾಕಿಡುವುದು

ಒಂದು ಸಲ ಹಾಕಿಟ್ಟರೆ ಪ್ರತಿ ವರ್ಷ ಸಂಖ್ಯೆ ಬದಲಿಸಿದರೆ ಸಾಕು. B1ರಲ್ಲಿ ಪೀರಿಯಡ್, B2ರಲ್ಲಿ ಅದರ ನಿಮಿಷ, B3ರಲ್ಲಿ ಹೊಸ ಪಾಠದ ಸಂಖ್ಯೆ, B4ರಲ್ಲಿ ಹೊಸ ಪಾಠದ ನಿಮಿಷ, B5ರಲ್ಲಿ ಮರುಪಾಠದ ನಿಮಿಷ. B6ರಲ್ಲಿ ತಿದ್ದುವ ಪುಸ್ತಕಗಳ ಸಂಖ್ಯೆ, B7ರಲ್ಲಿ ಒಂದಕ್ಕೆ ನಿಮಿಷ, B8ರಲ್ಲಿ ವಾರಕ್ಕೆ ಎಷ್ಟು ಸುತ್ತು (ಹದಿನೈದು ದಿನಕ್ಕೊಂದಾದರೆ 0.5), B9ರಲ್ಲಿ ಶಾಲೆಯ ಇತರ ಕೆಲಸದ ನಿಮಿಷ. B10ರಲ್ಲಿ ಈ ಸೂತ್ರ ಹಾಕಿ:

```
=(B1*B2+B3*B4+(B1-B3)*B5+B6*B7*B8+B9)/60
```

ಇದು ಸಾಮಾನ್ಯ ವಾರದ ಗಂಟೆ. ಉದಾಹರಣೆಯ ಸಂಖ್ಯೆ ಹಾಕಿದರೆ 37.5 ಬರಬೇಕು. ಬರದಿದ್ದರೆ ಯಾವುದೋ ಕೋಶ ತಪ್ಪಿದೆ. ನಂತರ B11ರಲ್ಲಿ ಪಾಠದ ವಾರ, B12ರಲ್ಲಿ ಪರೀಕ್ಷೆಯ ವಾರ, B13ರಲ್ಲಿ ಪರೀಕ್ಷೆಯ ಒಂದು ವಾರದ ಗಂಟೆ, B14ರಲ್ಲಿ ವರ್ಷದ ಪರೀಕ್ಷಾ ಕೆಲಸದ ಗಂಟೆ ಬರೆದು, B15ರಲ್ಲಿ ಈ ಸೂತ್ರ ಹಾಕಿ:

```
=(B10*B11+B12*B13+B14)/(B11+B12)
```

ಉತ್ತರ 40.1 ಬರುತ್ತದೆ.

ಪೀರಿಯಡ್ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ

ಖಾಸಗಿ ಶಾಲೆಗಳಲ್ಲಿ ಪೀರಿಯಡ್ಡಿಗೆ ಇಷ್ಟು ಎಂದು ಮಾತಾಡಿ ಪಾಠ ಮಾಡುವವರು ಹಂತ 2ರ ಕೆಲಸವನ್ನು, ಪರೀಕ್ಷಾ ಮೇಲ್ವಿಚಾರಣೆಯನ್ನು ಬಿಟ್ಟು ಲೆಕ್ಕ ಹಾಕಬೇಕು, ಅವು ಅವರ ಮೇಲಿಲ್ಲದಿದ್ದರೆ. ಉದಾಹರಣೆಯ ಟೀಚರ್‌ಗೆ ಹಾಗೆ ಮಾಡಿದರೆ ವಾರಕ್ಕೆ 31.5 ಗಂಟೆ, 33 ವಾರಕ್ಕೆ 1039.5. ಪರೀಕ್ಷೆಯ 163 ಸೇರಿ 1202.5 ಗಂಟೆ. ವರ್ಷಕ್ಕೆ ನಡೆದ ಪೀರಿಯಡ್ 990. ಭಾಗಿಸಿದರೆ ಒಂದು ಪೀರಿಯಡ್ಡಿಗೆ ಸುಮಾರು 73 ನಿಮಿಷ. ಅಂದರೆ 40 ನಿಮಿಷದ ಪೀರಿಯಡ್ಡಿಗೆ ಕೊಡುವ ಹಣ 73 ನಿಮಿಷದ ಕೆಲಸಕ್ಕೆ ಕೊಟ್ಟದ್ದು. ದರ ಮಾತಾಡುವ ಮೊದಲೇ ತಿದ್ದುವುದು, ಪ್ರಶ್ನೆಪತ್ರಿಕೆ ತೆಗೆಯುವುದು ಇದರಲ್ಲಿ ಸೇರಿದೆಯೋ ಇಲ್ಲವೋ ಎಂದು ಸ್ಪಷ್ಟವಾಗಿ ಕೇಳಿ. ಆ 163 ಗಂಟೆ ಬೇರೆಯವರು ಮಾಡುವುದಾದರೆ ಸಂಖ್ಯೆ 63 ನಿಮಿಷಕ್ಕೆ ಇಳಿಯುತ್ತದೆ.

ಮುಖ್ಯೋಪಾಧ್ಯಾಯರ ಮುಂದೆ ಇಡುವಾಗ

ಕಾನೂನಿನಲ್ಲೂ ಇದಕ್ಕೆ ಆಧಾರ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುತ್ತದೆ, ತಯಾರಿಯ ಗಂಟೆಗಳೂ ಸೇರಿ. ಅದೇ ಅನುಸೂಚಿ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಬೋಧನೆ ಎನ್ನುತ್ತದೆ. ಆರು ದಿನದ ವಾರಕ್ಕೆ ಹಂಚಿದರೆ ಮಕ್ಕಳಿಗೆ ವಾರಕ್ಕೆ ಸುಮಾರು 27 ಗಂಟೆ. ಮಕ್ಕಳ 27ಕ್ಕೂ ಶಿಕ್ಷಕರ 45ಕ್ಕೂ ನಡುವೆ ಇರುವ ಜಾಗ ತಯಾರಿಯಂಥ ಕೆಲಸಗಳದ್ದೇ. ಈ ಕಾಯ್ದೆ ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತು, ಹತ್ತರ ಶಿಕ್ಷಕರು ಇದನ್ನು ಹೋಲಿಕೆಗೆ ಬಳಸಬಹುದು, ನಿಯಮ ಎಂದು ವಾದಿಸಬೇಡಿ. 45 ಎಂಬುದು ಕನಿಷ್ಠ ಎಂಬುದನ್ನೂ ಮರೆಯಬೇಡಿ. ನಿಮ್ಮ ಲೆಕ್ಕ 40 ಬಂದಿದ್ದರೆ "ಇನ್ನೂ 5 ಗಂಟೆ ಇದೆಯಲ್ಲ" ಎಂಬ ಮರುಮಾತು ಬರಬಹುದು.

ಆಗ ಸರಾಸರಿಯನ್ನು ಪಕ್ಕಕ್ಕಿಟ್ಟು, ಕೇಳುತ್ತಿರುವ ಹೆಚ್ಚುವರಿ ಸೆಕ್ಷನ್ ಏನು ತರುತ್ತದೆ ಎಂದು ತೋರಿಸಿ. ಎಂಟನೇ ತರಗತಿಗೆ 35 ಮಕ್ಕಳ ಮೂರನೇ ಸೆಕ್ಷನ್ ಕೊಟ್ಟರೆ ಪಾಠ 4 ಗಂಟೆ, ಮರುಪಾಠದ ತಯಾರಿ ಅರ್ಧ ಗಂಟೆ, ನೋಟ್ ಪುಸ್ತಕ ಸುಮಾರು 50 ನಿಮಿಷ. ವಾರಕ್ಕೆ 5 ಗಂಟೆ 20 ನಿಮಿಷ ಇಲ್ಲಿಗೇ ಆಯಿತು. ಎಫ್‌ಎ, ಎಸ್‌ಎ ಪತ್ರಿಕೆಗಳಿಂದ ವರ್ಷಕ್ಕೆ ಇನ್ನೂ 23 ಗಂಟೆ. ಜೊತೆಗೆ ಆರು ಲೀಜರ್ ಪೀರಿಯಡ್ ಹೋಗುವುದರಿಂದ ಶಾಲೆಯಲ್ಲೇ ಮುಗಿಯುತ್ತಿದ್ದ ಎರಡೂವರೆ ಗಂಟೆಯ ಕೆಲಸವೂ ಮನೆಗೆ ಹೋಗುತ್ತದೆ. ಈ ನಾಲ್ಕು ಸಾಲು, ಬದಲಿ ಪುಸ್ತಕದ ಎಣಿಕೆ, ಎರಡು ವಾರದ ಸಮಯದ ದಾಖಲೆ, ಇವು ಒಂದೇ ಹಾಳೆಯಲ್ಲಿರಲಿ. ಮೇ ಕೊನೆಯಲ್ಲಿ ವೇಳಾಪಟ್ಟಿ ಹಾಕುವ ಮೊದಲೇ ಕೊಡಿ. ಜೂನ್‌ನಲ್ಲಿ ವೇಳಾಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ಒಬ್ಬರ ಪೀರಿಯಡ್ ಬದಲಿಸಲು ಹತ್ತು ಜನರದ್ದನ್ನು ಬದಲಿಸಬೇಕಾಗುತ್ತದೆ, ಯಾರೂ ಒಪ್ಪುವುದಿಲ್ಲ.